ವಿಷಯ: ಟ್ಯಾಬ್ ಆರ್ಡರ್ ಸಾಫ್ಟ್‌ವೇರ್, ಸದ್ಯಕ್ಕೆ ಬೇಡ

ನಮಸ್ಕಾರ ಸರ್,

ಮೊನ್ನೆ ಆ ಮಳೆಯಲ್ಲಿ ಮಂಗಳೂರಿನಿಂದ ಉಡುಪಿ ತನಕ ಬಂದು ಡೆಮೊ ಕೊಟ್ಟಿರಿ, ಥ್ಯಾಂಕ್ಸ್. ನೇರವಾಗಿ ಹೇಳಿಬಿಡುತ್ತೇನೆ: ಈಗ ನಾವು ತೆಗೆದುಕೊಳ್ಳುವುದಿಲ್ಲ. "ನೋಡುವ, ಹೇಳುವ" ಅಂತ ಸುಮ್ನೆ ನಿಮ್ಮನ್ನು ಓಡಾಡಿಸುವುದು ನನಗೆ ಇಷ್ಟವಿಲ್ಲ. ಧಣಿಗಳ ಹತ್ತಿರವೂ ಮಾತಾಡಿ ಆಗಿದೆ.

ಸಾಫ್ಟ್‌ವೇರ್ ಕೆಟ್ಟದ್ದು ಅಂತಲ್ಲ. ಟೇಬಲ್ ಬದಲಾಯಿಸುವುದು, ಒಂದು ಬಿಲ್ಲನ್ನು ಎರಡು ಮಾಡುವುದು, ರಾತ್ರಿಯ ಲೆಕ್ಕ ಒಂದೇ ಕಡೆ ಸಿಗುವುದು ಎಲ್ಲ ಚೆನ್ನಾಗಿತ್ತು. ಎಡವಟ್ಟಾದದ್ದು ಅಡುಗೆಮನೆಯಲ್ಲಿ. ಟ್ಯಾಬ್‌ನಲ್ಲಿ ಗೋಳಿಬಜೆ ಅಂತ ಕನ್ನಡದಲ್ಲಿ ಚಂದ ಕಂಡಿತು, ಒಳಗಿನ ಪ್ರಿಂಟರಿನಿಂದ ಬಂದ ಕೆಒಟಿ ಚೀಟಿಯಲ್ಲಿ ಮಾತ್ರ ಬರೀ ಚೌಕ ಚೌಕ. ನೀವು ಇಂಗ್ಲಿಷಿಗೆ ಹಾಕಿದಿರಿ, ಪ್ರಿಂಟ್ ಬಂತು, ಆದರೆ ಕಾವಲಿ ಹತ್ತಿರ ನಿಂತವರು ಅದನ್ನು ಓದಿಸಲು ಪುನಃ ಸಪ್ಲೈಯರನ್ನೇ ಕರೆಯಬೇಕಾಯಿತು. "ಎಣ್ಣೆ ಕಡಿಮೆ, ಈರುಳ್ಳಿ ಬೇಡ" ಅಂತ ಟೈಪ್ ಮಾಡಿದ ಸಾಲಂತೂ ಚೀಟಿಗೆ ಬರಲೇ ಇಲ್ಲ. ರಥಬೀದಿ ಪಕ್ಕದ ಹೋಟೆಲಿನಲ್ಲಿ ಈರುಳ್ಳಿ ಬೇಡ ಅಂದವರ ತಟ್ಟೆಗೆ ಈರುಳ್ಳಿ ಹೋದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು ಅಲ್ವಾ?

ಮತ್ತೆ ಕರೆಂಟ್. ಡೆಮೊ ಮಧ್ಯದಲ್ಲಿ ಹೋಯಿತು, ರೂಟರ್ ಆಫ್ ಆದ ಕೂಡಲೇ ಟ್ಯಾಬ್ ಸುಮ್ಮನೆ ಸುತ್ತುತ್ತಾ ಕೂತಿತು. ನೆಟ್ ಇಲ್ಲದಿದ್ದರೂ ನಡೆಯುತ್ತದೆ ಅಂತ ಹೇಳಿದ್ದು ನೀವೇ. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತೇನಲ್ಲ ಮಾರಾಯ್ರೇ.

ರೇಟಿನ ವಿಷಯ. ಟ್ಯಾಬ್ ಒಂದಕ್ಕೆ ವರ್ಷಕ್ಕೆ 9,000, ಆರಕ್ಕೆ 54,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 63,720 ರೂಪಾಯಿ. ಜಿಎಸ್‌ಟಿ ವಾಪಸ್ ಸಿಗುತ್ತದಲ್ಲ ಅಂದಿರಿ. ನಾವು ಬಿಲ್ಲಿಗೆ 5 ಪರ್ಸೆಂಟ್ ಹಾಕುವ ಹೋಟೆಲ್, ನಮಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಹಾಗಾಗಿ ಆ 9,720 ನಮ್ಮ ಕೈಯಿಂದಲೇ ಹೋಗುವ ದುಡ್ಡು. ಹೋಟೆಲಿನವರಿಗೇ ಮಾರುವವರು ಇದನ್ನು ತಿಳಿದಿರಬೇಕು, ಬೇಸರ ಮಾಡಬೇಡಿ. ಈ ತಿಂಗಳೊಳಗೆ ಹೇಳಿದರೆ ಡಿಸ್ಕೌಂಟ್ ಅಂತ ನಿನ್ನೆ ಮೆಸೇಜ್ ಹಾಕಿದ್ದೀರಿ, ಅದಕ್ಕೋಸ್ಕರ ಅವಸರ ಮಾಡುವುದಿಲ್ಲ.

ಬಾಗಿಲು ಪೂರ್ತಿ ಹಾಕಿಲ್ಲ. ಅಷ್ಟಮಿ, ವಿಟ್ಲಪಿಂಡಿ, ನವರಾತ್ರಿ ರಶ್ಶಿನಲ್ಲಿ ಹೊಸದೇನನ್ನೂ ಮುಟ್ಟುವುದಿಲ್ಲ. ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ನೋಡಬಹುದು, ಅದಕ್ಕೂ ಮೊದಲು ನಮ್ಮದೇ ಮಾಡೆಲ್ ಪ್ರಿಂಟರಿನಲ್ಲಿ ಕನ್ನಡ ಚೀಟಿ, ಗಿರಾಕಿ ಹೇಳಿದ ಸಾಲಿನ ಜೊತೆ, ಸರಿಯಾಗಿ ಬಂದದ್ದರ ಫೋಟೊ ಕಳಿಸಿ. ನೆಟ್ ತೆಗೆದು ಆರ್ಡರ್ ಹಾಕುವ ವಿಡಿಯೊ ಕೂಡ. ಅದು ಸರಿಯಿದ್ದರೆ ಮೇಲಿನ ಎಸಿ ಹಾಲಿನಲ್ಲಿ ಒಂದು ವಾರ ಎರಡು ಟ್ಯಾಬ್ ಇಟ್ಟು ನೋಡುವ, ದುಡ್ಡಿನ ಮಾತು ಆಮೇಲೆ. ರೇಟ್ ಟ್ಯಾಬ್ ಲೆಕ್ಕ ಬಿಟ್ಟು ಹೋಟೆಲಿಗೆ ಇಷ್ಟು ಅಂತ ಆಗುತ್ತದಾ ಅಂತಲೂ ನಿಮ್ಮ ಕಂಪನಿಯಲ್ಲಿ ಕೇಳಿ. ಖಂಡಿತ ತೆಗೆದುಕೊಳ್ಳುತ್ತೇವೆ ಅಂತ ಮಾತ್ರ ಈಗ ಹೇಳಲಾರೆ.

ಅಲ್ಲಿಯ ತನಕ ವಾರ ವಾರ ಫೋನ್ ಬೇಡ, ಏನಿದ್ದರೂ ವಾಟ್ಸಾಪ್ ಸಾಕು. ನೀವು ಬಿಟ್ಟುಹೋದ ಡೆಮೊ ಟ್ಯಾಬ್, ಚಾರ್ಜರ್ ಎರಡೂ ಕ್ಯಾಶ್ ಕೌಂಟರಿನಲ್ಲಿವೆ. ಊಟದ ರಶ್ ಮುಗಿದು ಮೂರು ಗಂಟೆ ನಂತರ ಬಂದರೆ ನಾನೇ ಇರುತ್ತೇನೆ.

ಮ್ಯಾನೇಜರ್
ರಥಬೀದಿ ಹತ್ತಿರ ನೀವು ಡೆಮೊ ಕೊಟ್ಟ ಹೋಟೆಲ್, ಉಡುಪಿ