ವಾರ್ಮ್‌ಅಪ್ ಮಾಡಿದರೆ 30 ಮೀಟರ್ ಓಟದ ಸಮಯ ಇಳಿಯುತ್ತದೆಯೇ?
ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗ: ಸಂಶೋಧನಾ ಪ್ರಾಜೆಕ್ಟ್ ಸೂಚನಾ ಪತ್ರ (ನಾಲ್ವರ ತಂಡ, 25 ಅಂಕ)

ಓಡುವ ಮೊದಲು ಮೈ ಬಿಸಿ ಮಾಡಿಕೊಳ್ಳಬೇಕು ಎಂದು ನಾನೇ ನಿಮಗೆ ಮೂರು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಅದರಿಂದ ನಿಮ್ಮ ಓಟ ಎಷ್ಟು ಚುರುಕಾಗುತ್ತದೆ ಎಂದು ಮಾತ್ರ ಯಾರೂ ಅಳೆದು ನೋಡಿಲ್ಲ. ಈ ಪ್ರಾಜೆಕ್ಟ್ ಅದಕ್ಕೇ. ಸ್ನಾಯುವಿನ ಉಷ್ಣತೆ ಏರಿದರೆ ಅದು ಬೇಗ ಸಂಕುಚಿಸುತ್ತದೆ, ಹೆಚ್ಚು ಬಲ ಕೊಡುತ್ತದೆ ಎಂಬ ಕಾರಣ ಪುಸ್ತಕದಲ್ಲಿದೆ. ನಮ್ಮ ಮೈದಾನದಲ್ಲಿ ಅದು ಗಡಿಯಾರದಲ್ಲಿ ಕಾಣುವಷ್ಟು ದೊಡ್ಡದೇ ಎಂಬುದು ನಿಮ್ಮ ಪ್ರಶ್ನೆ.

ಹೋದ ವರ್ಷದ ತಂಡ ಎಡವಿದ್ದು ಎಲ್ಲಿ ಎಂದು ಮೊದಲು ಹೇಳುತ್ತೇನೆ. ಸೋಮವಾರ ಎಲ್ಲರನ್ನೂ ವಾರ್ಮ್‌ಅಪ್ ಇಲ್ಲದೆ ಓಡಿಸಿದರು, ಮಂಗಳವಾರ ಎಲ್ಲರನ್ನೂ ವಾರ್ಮ್‌ಅಪ್ ಮಾಡಿಸಿ ಓಡಿಸಿದರು. ರಾತ್ರಿ ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಸಮಯ ಹೆಚ್ಚಾಯಿತು. 'ವಾರ್ಮ್‌ಅಪ್‌ನಿಂದ ವೇಗ ಕುಗ್ಗುತ್ತದೆ' ಎಂದು ವರದಿ ಬಂತು! ಅಳತೆ ಸರಿಯಾಗಿಯೇ ಇತ್ತು, ಅಳೆದದ್ದು ಮಾತ್ರ ಮಳೆಯನ್ನು.

ಆದ್ದರಿಂದ ಈ ಸಲ 12 ಓಟಗಾರರು, ಚೀಟಿ ಎತ್ತಿ ಆರಾರು ಜನರ ಎರಡು ಗುಂಪು. ಮೊದಲ ದಿನ 'ಅ' ಗುಂಪಿಗೆ ಪೂರ್ತಿ ವಾರ್ಮ್‌ಅಪ್, 'ಆ' ಗುಂಪಿಗೆ ಇಲ್ಲ. ಮುಂದಿನ ದಿನ ಅದಲುಬದಲು. ಹೀಗೆ ಸೋಮವಾರ, ಗುರುವಾರ, ಎರಡು ವಾರ: ಪ್ರತಿಯೊಬ್ಬರಿಗೂ ಎರಡೂ ಬಗೆಯಲ್ಲಿ ಎರಡೆರಡು ಓಟ. ಪ್ರತಿ ಸಲವೂ ಸಂಜೆ 4.15, ಅದೇ ಶೂ, ಅದೇ ಟ್ರ್ಯಾಕ್. ಅದಕ್ಕೂ ಹಿಂದಿನ ವಾರ ಎಲ್ಲರೂ ಎರಡು ಸಲ ಓಡಿ ರೂಢಿ ಮಾಡಿಕೊಳ್ಳಲಿ, ಆ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದೇ ದಿನ ಮೂರು ಸಲ ಓಡಿಸಿ ಸರಾಸರಿ ತೆಗೆಯೋಣ ಸರ್ ಎಂದು ಯಾರಾದರೂ ಕೇಳೇ ಕೇಳುತ್ತೀರಿ. ಬೇಡ. ಮೊದಲ ಓಟವೇ ಎರಡನೆಯದಕ್ಕೆ ವಾರ್ಮ್‌ಅಪ್ ಆಗಿಬಿಡುತ್ತದೆ. ದಿನಕ್ಕೆ ಒಂದೇ ಓಟ.

ಪೂರ್ತಿ ವಾರ್ಮ್‌ಅಪ್ ಎಂದರೆ: 4 ನಿಮಿಷ ನಿಧಾನ ಜಾಗಿಂಗ್, 4 ನಿಮಿಷ ಕಾಲು ಬೀಸುವುದು, ಲಂಜ್ ಹಾಕುತ್ತಾ ನಡೆಯುವುದು, ಮಂಡಿ ಎತ್ತಿ ಓಡುವುದು, ಆಮೇಲೆ 30 ಮೀಟರ್‌ನ ಮೂರು ಓಟ, ಅರ್ಧ ವೇಗದಿಂದ ಮುಕ್ಕಾಲಿಗೂ ಮೀರಿ ಏರುತ್ತಾ. ಬಳಿಕ 4 ನಿಮಿಷ ವಿಶ್ರಾಂತಿ, ಇಲ್ಲದಿದ್ದರೆ ಅಳೆಯುವುದು ದಣಿವನ್ನು. ನಿಂತಲ್ಲೇ ನಿಮಿಷಗಟ್ಟಲೆ ಹಿಗ್ಗಿಸಿ ಹಿಡಿಯುವ ಸ್ಟ್ರೆಚ್ ಸೇರಿಸಬೇಡಿ, ಅದು ತಾತ್ಕಾಲಿಕವಾಗಿ ಬಲ ತಗ್ಗಿಸಬಹುದು. ಇನ್ನೊಂದು ಗುಂಪು ನೆರಳಲ್ಲಿ ಕೂತು, ಕೊನೆಗೆ 3 ನಿಮಿಷ ನಡೆದು, ಅರ್ಧ ವೇಗದಲ್ಲಿ ಒಂದೇ ಒಂದು ಸಲ ಓಡಲಿ. ಏನೂ ಮಾಡದೆ ಪೂರ್ಣ ವೇಗಕ್ಕೆ ಹೋಗಲು ನಾನು ಬಿಡುವುದಿಲ್ಲ, ತೊಡೆಯ ಹಿಂಭಾಗದ ಸ್ನಾಯು ಎಳೆದರೆ ವಾರಗಟ್ಟಲೆ ಕಾಡುತ್ತದೆ. ಹೀಗಾಗಿ ನೀವು ಹೋಲಿಸುತ್ತಿರುವುದು 'ಪೂರ್ತಿ' ಮತ್ತು 'ಅತಿ ಕಡಿಮೆ' ವಾರ್ಮ್‌ಅಪ್‌ಗಳನ್ನು. ವರದಿಯಲ್ಲೂ ಹಾಗೆಯೇ ಬರೆಯಿರಿ.

ಸ್ಟಾಪ್‌ವಾಚ್ ಬೇಡ. ನೋಡಿ ಬೆರಳು ಒತ್ತುವುದರಲ್ಲೇ ಸುಮಾರು 0.2 ಸೆಕೆಂಡ್ ಹೋಗುತ್ತದೆ, ನಾವು ಹುಡುಕುತ್ತಿರುವ ವ್ಯತ್ಯಾಸ ಅದಕ್ಕಿಂತ ಚಿಕ್ಕದಿರಬಹುದು. ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಸಿಕ್ಕರೆ ಒಂದು ಫ್ರೇಮ್ 0.004 ಸೆಕೆಂಡ್. 15 ಮೀಟರ್ ಗುರುತಿನ ನೇರಕ್ಕೆ, ಟ್ರ್ಯಾಕಿನಿಂದ 20 ಮೀಟರ್ ಆಚೆ ಗೂಟ ಹೊಡೆದು ನಾಲ್ಕೂ ದಿನ ಅಲ್ಲೇ ನಿಂತು, ಓಟಗಾರರ ಜೊತೆ ಫೋನ್ ತಿರುಗಿಸುತ್ತಾ ಚಿತ್ರಿಸಿ. ಓರೆಯಿಂದ ನೋಡುವ ದೋಷ ಆಗ ಎರಡೂ ಬಗೆಗೆ ಒಂದೇ ಆಗಿರುತ್ತದೆ. ಹಿಂದಿನ ಪಾದ ನೆಲ ಬಿಟ್ಟ ಫ್ರೇಮಿನಿಂದ ಎದೆ ಸುಣ್ಣದ ಗೆರೆ ದಾಟಿದ ಫ್ರೇಮಿನವರೆಗೆ ಎಣಿಸಿ. ಶಿಳ್ಳೆ ಊದಬೇಡಿ, ಅದಕ್ಕೆ ಸ್ಪಂದಿಸುವ ಸಮಯವೂ ಸೇರಿಕೊಳ್ಳುತ್ತದೆ. ವಿಡಿಯೊಗಳಿಗೆ ಬರೀ ಸಂಖ್ಯೆ ಕೊಡಿ. ಯಾರು ವಾರ್ಮ್‌ಅಪ್ ಮಾಡಿದ್ದರು ಎಂಬುದು ಎಣಿಸುವವರಿಗೆ ಗೊತ್ತಿರಬಾರದು.

ಲೆಕ್ಕ ಸುಲಭ. ಒಬ್ಬೊಬ್ಬರ ಎರಡೆರಡು ಓಟಗಳ ಸರಾಸರಿ ತೆಗೆದು, ಬಗೆಗಳ ನಡುವಿನ ವ್ಯತ್ಯಾಸ ಬರೆಯಿರಿ: 4.92ರಿಂದ 4.80ಕ್ಕೆ ಇಳಿದರೆ 0.12. ಮೊದಲು 12 ಜನರ 12 ಗೆರೆಗಳ ನಕ್ಷೆ ಬಿಡಿಸಿ ಕಣ್ಣಲ್ಲೇ ನೋಡಿ, ಆಮೇಲೆ ಸ್ಪ್ರೆಡ್‌ಶೀಟಿನ B, C ಕಾಲಂಗಳಲ್ಲಿ ಎರಡು ಬಗೆಗಳ ಸರಾಸರಿಗಳನ್ನು, ಸಾಲಿಗೊಬ್ಬರಂತೆ ಎರಡನೆಯ ಸಾಲಿನಿಂದ ತುಂಬಿ ಜೋಡಿ ಟಿ-ಪರೀಕ್ಷೆ:

```
=T.TEST(B2:B13,C2:C13,2,1)
```

ಉತ್ತರ 0.05ಕ್ಕಿಂತ ಕಡಿಮೆ ಬಂದರೆ ಅದೃಷ್ಟದಿಂದಷ್ಟೇ ಇಂಥ ವ್ಯತ್ಯಾಸ ಬರುವ ಸಾಧ್ಯತೆ ಕಡಿಮೆ ಎನ್ನಬಹುದು. ಹೆಚ್ಚು ಬಂದರೆ 'ಪರಿಣಾಮವೇ ಇಲ್ಲ' ಎಂದು ಬರೆಯಬೇಡಿ, 12 ಜನರಲ್ಲಿ ಕಾಣಲಿಲ್ಲ ಎನ್ನಿ. ಬಿಸಿಲಿನ ಸಂಜೆಯಲ್ಲಿ ಮೈ ಅರ್ಧ ಬಿಸಿಯಾಗಿಯೇ ಇರುತ್ತದೆ ಎಂಬುದನ್ನೂ ಚರ್ಚಿಸಿ. ವ್ಯತ್ಯಾಸ ಬಾರದಿದ್ದರೆ ಅಂಕ ಕಡಿಮೆಯಾಗುವುದಿಲ್ಲ, ಸಂಖ್ಯೆ ತಿದ್ದಿದರೆ ಸೊನ್ನೆ.

18 ತುಂಬದವರಿಗೆ ಪೋಷಕರ ಸಹಿ ಬೇಕು. ಉಬ್ಬಸ, ಹಳೆಯ ಗಾಯ ಇದ್ದವರು ನನ್ನ ಬಳಿ ಖಾಸಗಿಯಾಗಿ ಹೇಳಿ. ಯಾವ ದಿನ ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ತಂಡದವರು 'ಯಾಕೆ' ಎಂದು ಕೇಳುವಂತಿಲ್ಲ.

ಒಂದು ಪುಟದ ಯೋಜನೆ ಬರುವ ಬುಧವಾರದೊಳಗೆ, ವರದಿ (1,500 ಪದ) ಕೊನೆಯ ಓಟವಾದ ಮೂರು ವಾರಕ್ಕೆ. ಅಳತೆ ಟೇಪು, ಸುಣ್ಣ ನನ್ನ ಕೊಠಡಿಯ ಹಸಿರು ಪೆಟ್ಟಿಗೆಯಲ್ಲಿವೆ. ಟೇಪನ್ನು ಒರೆಸಿ ಸುತ್ತಿಟ್ಟು ಹೋಗಿ.

ದೈಹಿಕ ಶಿಕ್ಷಣ ಉಪನ್ಯಾಸಕರು