ಬಿಲ್ಲಿನ ಜಾಗ ಬದಲಾದರೆ ಲೆಕ್ಕ ಕೆಡುತ್ತದೆ
(ಹಾರ್ಡ್‌ವೇರ್ ಮತ್ತು ಎಲೆಕ್ಟ್ರಿಕಲ್ ವ್ಯಾಪಾರಿಗಳ ಮಾಸಿಕ ಸಭೆಯಲ್ಲಿ ಲೆಕ್ಕಪರಿಶೋಧಕರ ಮಾತು)

ಎಲ್ಲರಿಗೂ ನಮಸ್ಕಾರ. ಅಂಗಡಿ ಹುಡುಗರ ಕೈಗೆ ಗಲ್ಲಾ ಕೊಟ್ಟು ಬಂದಿದ್ದೀರಿ, ಬೇಗ ಮುಗಿಸ್ತೀನಿ.

ಈಗ ನಿಮ್ಮ ಬಿಲ್ಲನ್ನು ಮೊದಲು ಓದೋದು ಮನುಷ್ಯ ಅಲ್ಲ. ನಿಮ್ಮಿಂದ ಪೈಪು, ವೈರು ಕೊಂಡ ಗುತ್ತಿಗೆದಾರರು ಬಿಲ್ಲಿನ ಫೋಟೋ ತೆಗೆದು ಕಳಿಸ್ತಾರೆ, ಸಾಫ್ಟ್‌ವೇರ್ ಅದನ್ನು ಓದಿ ಖರೀದಿ ಪುಸ್ತಕಕ್ಕೆ ಏರಿಸುತ್ತೆ. ಅದು ನಮ್ಮ ಹಾಗೆ ಅರ್ಥ ಮಾಡಿಕೊಂಡು ಓದಲ್ಲ. ಒಂದು ಹೆಸರು ಹುಡುಕುತ್ತೆ, ಅದರ ಬಲಕ್ಕೋ ಕೆಳಕ್ಕೋ ಇರುವ ಅಂಕಿ ಎತ್ತಿಕೊಳ್ಳುತ್ತೆ. ಜನವರಿಯಲ್ಲಿ ‘ಬಿಲ್ ನಂ.’, ಫೆಬ್ರವರಿಯಲ್ಲಿ ‘ಇನ್‌ವಾಯ್ಸ್ ನಂಬರ್’, ಪ್ರಿಂಟರ್ ಬದಲಾದ ಮೇಲೆ ಬರೀ ‘ನಂ.’ ಅಂತ ಹಾಕಿದರೆ, ಅದರ ಪಾಲಿಗೆ ಇವು ಮೂರು ಬೇರೆ ಅಂಗಡಿಯ ಬಿಲ್ಲು. ಆ ‘ನಂ.’ ಪಕ್ಕದಲ್ಲಿ ಫೋನ್ ನಂಬರ್ ಇದ್ದರೆ ಅದನ್ನೇ ಬಿಲ್ ನಂಬರ್ ಅಂತ ಬರೆದುಕೊಂಡೀತು.

ಒಂದು ಬಿಲ್ಲು ನೋಡೋಣ. ಪಿವಿಸಿ ಪೈಪು, ತೆರಿಗೆಗೆ ಮುಂಚಿನ ಮೌಲ್ಯ 12,480. ಸಿಜಿಎಸ್‌ಟಿ ಶೇ. 9, ಅಂದರೆ 1,123.20. ಎಸ್‌ಜಿಎಸ್‌ಟಿನೂ ಅಷ್ಟೇ. ಕೂಡಿದರೆ 14,726.40. ನೀವು 40 ಪೈಸೆ ಬಿಟ್ಟು 14,726 ಅಂತ ಹಾಕ್ತೀರಿ. ತಪ್ಪೇನಿಲ್ಲ, ಆದರೆ ‘ರೌಂಡ್ ಆಫ್ -0.40’ ಅನ್ನೋ ಸಾಲು ಬೇಕು. ಅದಿಲ್ಲದಿದ್ದರೆ ಯಂತ್ರ ಕೂಡಿ ನೋಡಿ, ಮೊತ್ತ ತಾಳೆಯಾಗಲಿಲ್ಲ ಅಂತ ಬಿಲ್ಲನ್ನು ಬದಿಗಿಡಬಹುದು. ಹಳೇ ಬಾಕಿಯನ್ನೂ ಸೇರಿಸಿ ಕೆಳಗೆ ದೊಡ್ಡದಾಗಿ ಒಂದು ಮೊತ್ತ ಹಾಕೋ ಅಭ್ಯಾಸ ಇದೆಯಲ್ಲ, ಅದು ಇನ್ನೂ ಕೆಟ್ಟದ್ದು. ಪುಟದ ಕೊನೆಯ ದೊಡ್ಡ ಅಂಕಿಯೇ ಬಿಲ್ಲಿನ ಮೊತ್ತ ಅಂತ ಅದು ಎತ್ತಿಕೊಂಡರೆ, ಅವರ ಖರೀದಿ ಲೆಕ್ಕ ಹಳೇ ಬಾಕಿಯಷ್ಟು ಉಬ್ಬುತ್ತೆ. ಬಾಕಿಯನ್ನು ಬೇರೆ ಚೀಟಿಯಲ್ಲಿ ಕೊಡಿ.

ಎಲ್ಲ ತಪ್ಪೂ ಸಿಕ್ಕಿಬೀಳಲ್ಲ, ನಿಜವಾದ ತೊಂದರೆ ಅಲ್ಲಿದೆ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ನಮಗೆ 29. ಆಮೇಲಿನ ಹತ್ತು ಪ್ಯಾನ್. ಕೊನೆಯದು ಉಳಿದವು ಸರಿಯೇ ಅಂತ ಲೆಕ್ಕ ಹಾಕಿ ನೋಡೋ ತಾಳೆ ಅಕ್ಷರ. 8 ಇದ್ದ ಕಡೆ `B`, ಸೊನ್ನೆ ಇದ್ದ ಕಡೆ `O` ಅಂತ ಓದಿದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತೆ. ತಾರೀಖಿಗೆ ಅಂಥ ಕಾವಲಿಲ್ಲ. `03/04/2025` ಅನ್ನೋದು ನಮಗೆ ಏಪ್ರಿಲ್ ಮೂರು. ತಿಂಗಳು ಮೊದಲು ಓದೋ ಸಾಫ್ಟ್‌ವೇರಿಗೆ ಮಾರ್ಚ್ ನಾಲ್ಕು. ಬಿಲ್ಲು ಹಿಂದಿನ ಆರ್ಥಿಕ ವರ್ಷಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಯಾರಿಗೂ ಸುಳಿವು ಸಿಗಲ್ಲ. ಅದಕ್ಕೇ `03-Apr-2025` ಅಂತ ಹಾಕಿ, ವರ್ಷವಿಡೀ ಹಾಗೇ ಹಾಕಿ.

ಬಿಲ್ ನಂಬರಿಗೆ ನಿಯಮವೇ ಇದೆ: 16 ಅಕ್ಷರ ಮೀರಬಾರದು, ಕ್ರಮವಾಗಿರಬೇಕು, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು. `SRT/25-26/0187` ತರ ಒಂದು ಮಾದರಿ ಹಿಡಿದುಕೊಳ್ಳಿ. ಇವತ್ತು 187, ನಾಳೆ 0188 ಅಂತ ಬದಲಿಸಬೇಡಿ. ಬಿಲ್ಲಿನಲ್ಲಿ ಒಂದು ತರ, ನೀವು ಸಲ್ಲಿಸೋ ಜಿಎಸ್‌ಟಿಆರ್-1ರಲ್ಲಿ ಇನ್ನೊಂದು ತರ ಇದ್ದರೆ, ಅದರಿಂದಲೇ ತಯಾರಾಗೋ ಗಿರಾಕಿಯ 2ಬಿ ಖರೀದಿ ಪಟ್ಟಿ ಜೊತೆ ಬಿಲ್ಲು ತಾಳೆಯಾಗದೆ ಅವರು ನಿಮಗೇ ಫೋನ್ ಮಾಡ್ತಾರೆ. ಪೇಮೆಂಟೂ ಅಲ್ಲೇ ನಿಂತರೆ ಆಶ್ಚರ್ಯ ಇಲ್ಲ.

ಸೀಲಿನ ವಿಷಯ. ದಯವಿಟ್ಟು ಅಂಕಿಗಳ ಮೇಲೆ ಒತ್ತಬೇಡಿ. ಬಲಗಡೆ ಕೆಳಗೆ ಸಹಿಗೆ ಖಾಲಿ ಜಾಗ ಬಿಟ್ಟು ಅಲ್ಲಿ ಒತ್ತಿ. ಮೊದಲೇ ಅಚ್ಚಾದ ಹಾಳೆಯ ಮೇಲೆ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಹೊಡೆಯೋರು ಹಾಳೆಯನ್ನು ಸರಿಯಾಗಿ ಕೂರಿಸಿ. ಅರ್ಧ ಸಾಲು ಜಾರಿದರೂ ಅಂಕಿ ಗೆರೆಯ ಮೇಲೆ ಬೀಳುತ್ತೆ, ಗೆರೆ ತಗಲಿದ 1 ಕೆಲವೊಮ್ಮೆ 7 ಆಗುತ್ತೆ. ಥರ್ಮಲ್ ಕಾಗದ ಬಿಸಿಲಿಗೆ ಮಾಸುತ್ತೆ, ಅದರ ಪಿಡಿಎಫ್ ಅದೇ ದಿನ ಕಳಿಸಿ. ಕಂಪ್ಯೂಟರಿನಿಂದ ನೇರ ಬಂದ ಪಿಡಿಎಫ್‌ನಲ್ಲಿ ಅಕ್ಷರ ಅಕ್ಷರವಾಗಿಯೇ ಇರುತ್ತೆ, ಊಹಿಸೋ ಕೆಲಸವೇ ಇಲ್ಲ. ಅದನ್ನು ಪ್ರಿಂಟ್ ಮಾಡಿ, ಮತ್ತೆ ಫೋಟೋ ತೆಗೆದು ವಾಟ್ಸಾಪ್ ಮಾಡೋದು ಯಾಕೋ!

ಅಂಗಡಿ ಹೆಸರು, ಸಾಮಾನಿನ ಹೆಸರು ಕನ್ನಡದಲ್ಲಿರಲಿ, ಸಂತೋಷ. ಅಂಕಿ ಮಾತ್ರ ಎಲ್ಲ ಬಿಲ್ಲಿನಲ್ಲೂ ಒಂದೇ ಲಿಪಿಯಲ್ಲಿರಲಿ.

ನಾಳೆ ಬೆಳಿಗ್ಗೆ ಬೇರೆ ಬೇರೆ ತಿಂಗಳ ಎರಡು ಬಿಲ್ಲು ತಗೊಳ್ಳಿ. ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಿಲ್ ನಂಬರ್, ತಾರೀಖು, ಜಿಎಸ್‌ಟಿ ನಂಬರ್ ಒಂದರ ಮೇಲೊಂದು ಕೂರಬೇಕು. ಸಾಮಾನಿನ ಸಾಲು ಹೆಚ್ಚುಕಮ್ಮಿ ಆಗೋದರಿಂದ ಮೊತ್ತ ಕೆಳಗೆ ಮೇಲೆ ಹೋಗಬಹುದು, ಆದರೆ ಅದೇ ಕಾಲಮ್ಮಿನಲ್ಲಿರಬೇಕು. ಕೂರದಿದ್ದರೆ ಎರಡೂ ಬಿಲ್ಲು ನನ್ನ ಹತ್ತಿರ ತನ್ನಿ, ಬಿಲ್ಲಿಂಗ್ ಸಾಫ್ಟ್‌ವೇರಿನವರಿಗೆ ಏನು ಹೇಳಬೇಕು ಅಂತ ಬರೆದುಕೊಡ್ತೀನಿ. ಈಗ ಪ್ರಶ್ನೆ ಇದ್ದರೆ ಕೇಳಿ.