ವಾರ್ಷಿಕ ಕೆಲಸದ ವಿಮರ್ಶೆ, 2024-25: ಸೇಲ್ಸ್ ಎಕ್ಸಿಕ್ಯೂಟಿವ್, ಮಾಟುಂಗಾ-ಚೆಂಬೂರು ಲೈನ್

ಟಾರ್ಗೆಟ್ ವಿಷಯದಲ್ಲಿ ನಿಮ್ಮ ಮೇಲೆ ಒಂದು ಮಾತೂ ಇಲ್ಲ. ತಿಂಗಳಿಗೆ 12 ಲಕ್ಷ ಇಟ್ಟಿದ್ದೆವು, ವರ್ಷವಿಡೀ ಮುಟ್ಟಿಸಿದ್ದೀರಿ. ಮಳೆಗಾಲದಲ್ಲೂ ಕಾಫಿಪುಡಿ, ಬ್ಯಾಡಗಿ ಮೆಣಸಿನ ಮಾರಾಟ ಇಳಿಯಲಿಲ್ಲ. ಉದ್ರಿ ವಸೂಲಿಯೂ ಚೊಕ್ಕ.

ತೊಂದರೆ ಇರುವುದು ಜೊತೆಯವರೊಂದಿಗೆ. ಚೌತಿಯ ಹಿಂದಿನ ದಿನ ಮಾಟುಂಗಾದ ಹೋಟೆಲಿನವರು ಮಾಲು ಬೆಳಿಗ್ಗೆ 6ರೊಳಗೆ ಬೇಕು ಎಂದು ನಿಮಗೆ ಹೇಳಿದ್ದರು. ಆರ್ಡರ್ ಶೀಟಿನಲ್ಲಿ ನೀವು ಅದನ್ನು ಬರೆಯಲಿಲ್ಲ. ವಾಶಿ ಗೋಡೌನಿನಿಂದ ಟೆಂಪೊ ಎಂದಿನಂತೆ 9ಕ್ಕೆ ಹೊರಟಿತು. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೆದುರು ಡಿಸ್‌ಪ್ಯಾಚ್‌ನವರನ್ನು ಬೈದಿರಿ. ಅವರಿಗೇನು ಕನಸು ಬೀಳಬೇಕಿತ್ತಾ? ನೀವು ರಜೆಯಲ್ಲಿದ್ದಾಗಲೂ ಅಷ್ಟೇ, ನಿಮ್ಮ ಪಾರ್ಟಿಗಳ ದರ, ಬಾಕಿ ಯಾರಿಗೂ ಗೊತ್ತಿರಲಿಲ್ಲ.

ಹೊಸ ಹುಡುಗನನ್ನು ಲೈನಿಗೆ ಕರೆದುಕೊಂಡು ಹೋಗಿ ಎಂದಿದ್ದೆ. "ಅವನಿದ್ದರೆ ಲೇಟಾಗುತ್ತದೆ" ಎಂದು ಬಿಟ್ಟು ಹೋದಿರಿ. ಲೇಟಾಗುತ್ತದೆ, ನಿಜ. ನಿಮಗೂ ಮೊದಲು ಯಾರೋ ಲೈನ್ ತೋರಿಸಿದ್ದರು ಅಲ್ವಾ?

ಅಂಕ 5ಕ್ಕೆ: ಮಾರಾಟ 5, ವಸೂಲಿ 4, ಹೊಂದಾಣಿಕೆ 2.

ಇನ್‌ಕ್ರಿಮೆಂಟ್ ಪೂರ್ತಿ ಸಿಗುತ್ತದೆ. ಸೀನಿಯರ್ ಹುದ್ದೆಯನ್ನು ಮಾತ್ರ ಸೆಪ್ಟೆಂಬರ್‌ವರೆಗೆ ತಡೆದಿದ್ದೇವೆ. ಅಲ್ಲಿಯವರೆಗೆ ದಿನಾ ಸಂಜೆ 7ರೊಳಗೆ ಆರ್ಡರ್ ಶೀಟ್ ತುಂಬಿಸಿ, ಡೆಲಿವರಿ ಸಮಯ ಸಮೇತ. ವಾರಕ್ಕೆ 2 ದಿನ ಹುಡುಗ ನಿಮ್ಮ ಜೊತೆ ಬರುತ್ತಾನೆ. ದೂರು ಇದ್ದರೆ ಗೋಡೌನಿಗೆ ಫೋನ್ ಮಾಡಿ, ಗ್ರೂಪಿನಲ್ಲಿ ಬೇಡ. ಜೂನ್ ಕೊನೆಗೆ ಇಬ್ಬರೂ ಕೂತು ನೋಡೋಣ.

ಯಾವುದಾದರೂ ಸರಿಯಿಲ್ಲ ಅನಿಸಿದರೆ ಸುಮ್ನೆ ಇರಬೇಡಿ, ಇದರ ಹಿಂದೆ ಬರೆದು ಸಹಿ ಹಾಕಿ ಕೊಡಿ.

ಸೇಲ್ಸ್ ಮ್ಯಾನೇಜರ್, ವಾಶಿ